ಕುರಿ ಕೂಗುವ ಮೊದಲು: ಒಟ್ಟಿಗೆ ದುಡ್ಡು ಬೇಕಾದಾಗ ಚಿಟ್ಟಿಯೋ, ಬ್ಯಾಂಕ್ ಸಾಲವೋ?

ಘಟ್ಟದ ಮೇಲಿನವರಿಗೆ ಮೊದಲೇ ಒಂದು ಮಾತು. ಇಲ್ಲಿ ಕುರಿ ಅಂದರೆ ಮೇಯುವ ಕುರಿ ಅಲ್ಲ. ಕಾಸರಗೋಡಿನಲ್ಲಿ ಮಲಯಾಳದ ಪ್ರಭಾವದಿಂದ ಚೀಟಿಗೆ ಕುರಿ ಅಂತಲೂ ಚಿಟ್ಟಿ ಅಂತಲೂ ಹೇಳುತ್ತಾರೆ. ಬೆಂಗಳೂರಿನ ನೆಂಟರ ಎದುರು ನಮ್ಮ ಚಿಕ್ಕಮ್ಮ "ಈ ತಿಂಗಳು ಕುರಿ ಕೂಗ್ಲಿಕ್ಕೆ ಉಂಟು" ಅಂದಾಗ ಅವರು ಹಟ್ಟಿಯ ಕಡೆ ನೋಡಿದ್ದರು.

ಇದನ್ನು ಬರೆಯಲು ಕಾರಣವೂ ಅದೇ ಚಿಕ್ಕಮ್ಮ. ಬದಿಯಡ್ಕದಿಂದ ಒಳಗೆ ಅವರ ಹಂಚಿನ ಮನೆ. ಛಾವಣಿಯ ಪಕ್ಕಾಸಿಗೆ ಗೆದ್ದಲು ಹಿಡಿದು ಒಂದು ಬದಿ ಇಳಿದಿತ್ತು. ಮಾಡು ಪೂರ್ತಿ ಬಿಚ್ಚಿ ಹೊಸದು ಹಾಕಲು ಮೇಸ್ತ್ರಿ ಮೂರೂವರೆ ಲಕ್ಷ ಹೇಳಿದ. ಮೇ ಕೊನೆಗೆ ಬರುವ ಪತ್ತನಾಜೆಯ ಒಳಗೆ ಕೆಲಸ ಮುಗಿಯಬೇಕು, ಆಮೇಲೆ ಮಳೆ. ನಾನು ಒಂದು ಸಹಕಾರಿ ಬ್ಯಾಂಕಿನ ಕೌಂಟರಿನಲ್ಲಿ ಬಹಳ ವರ್ಷ ಕೂತವನು, ಹಾಗಾಗಿ ಜನವರಿಯಲ್ಲೇ ನನ್ನನ್ನು ಕರೆದು ಕೇಳಿದರು: "ಕುರಿಗೆ ಸೇರಿದ್ರೆ ಬಡ್ಡಿ ಇಲ್ಲ ಅಂತಾರೆ ಮಗಾ, ಸಾಲ ಯಾಕೆ ತೆಗೀಬೇಕು?"

ಬಡ್ಡಿ ಇಲ್ಲ ಅನ್ನುವ ಈ ಒಂದು ಮಾತಿನಿಂದಲೇ ತುಂಬಾ ಮನೆಗಳು ಎಡವುತ್ತವೆ. ನಾವಿಬ್ಬರೂ ಜಗಲಿಯಲ್ಲಿ ಕೂತು ಮಾಡಿದ ಲೆಕ್ಕವನ್ನು ಅದೇ ಕ್ರಮದಲ್ಲಿ ಇಲ್ಲಿ ಹೇಳುತ್ತೇನೆ.

ಮೊದಲ ಹೆಜ್ಜೆ: ಎಷ್ಟು ಬೇಕು ಅನ್ನುವುದರ ಜೊತೆ ಯಾವ ದಿನಕ್ಕೆ ಬೇಕು ಅಂತ ಬರೆಯಿರಿ

ಒಂದು ಕಾಗದದಲ್ಲಿ ಎರಡೇ ಸಾಲು. ಮೊತ್ತ: ಮೂರೂವರೆ ಲಕ್ಷ. ದಿನ: ಮಾರ್ಚ್ ಕೊನೆ, ಯಾಕೆಂದರೆ ಮರ, ಕಬ್ಬಿಣ, ಶೀಟಿಗೆ ಮುಂಗಡ ಕೊಡದೆ ಮೇಸ್ತ್ರಿ ಮಾಡು ಬಿಚ್ಚುವುದಿಲ್ಲ.

ಸುಮ್ನೆ ಬರೆಸುತ್ತಿದ್ದೇನೆ ಅಂದುಕೊಳ್ಳಬೇಡಿ. ಬ್ಯಾಂಕ್ ಸಾಲಕ್ಕೆ ಒಂದು ದಿನ ಇರುತ್ತದೆ, ಮಂಜೂರಾದರೆ ಇಂಥ ವಾರ ದುಡ್ಡು ಬರುತ್ತದೆ ಅಂತ ಹೇಳಬಹುದು. ಚಿಟ್ಟಿಗೆ ಆ ದಿನ ಇಲ್ಲ. ನೀವು ಕಟ್ಟುವ ಕಂತಿಗೆ ಮಾತ್ರ ದಿನ ಉಂಟು, ನಿಮ್ಮ ಕೈಗೆ ಬರುವ ದುಡ್ಡಿಗೆ ಇಲ್ಲ. ಎರಡು ವರ್ಷ ಬಿಟ್ಟು ಕಾಂಪೌಂಡ್ ಕಟ್ಟಿಸುವವರಿಗೆ ಇದು ತೊಂದರೆಯೇ ಅಲ್ಲ. ಪತ್ತನಾಜೆಯ ಒಳಗೆ ಮಾಡು ಹಾಕಬೇಕಾದವರಿಗೆ ಇದೇ ದೊಡ್ಡ ತೊಂದರೆ.

ಎರಡನೇ ಹೆಜ್ಜೆ: ಚಿಟ್ಟಿಯಲ್ಲಿ ಬಡ್ಡಿ ಎಲ್ಲಿ ಅಡಗಿದೆ ನೋಡಿ

ಚಿಕ್ಕಮ್ಮನ ಕಣ್ಣಿದ್ದದ್ದು ಕೆ.ಎಸ್.ಎಫ್.ಇ.ಯ ಚಿಟ್ಟಿಯ ಮೇಲೆ. ಅದು ಕೇರಳ ಸರ್ಕಾರದ್ದೇ ಸಂಸ್ಥೆ, 1969ರಿಂದ ನಡೆಯುತ್ತಿದೆ, ಹಾಗಾಗಿ ದುಡ್ಡು ಹೊತ್ತು ಓಡಿಹೋಗುತ್ತಾರೆ ಎಂಬ ಹೆದರಿಕೆ ಅಲ್ಲಿಲ್ಲ. ಅದೇ ಮಾದರಿಯ ಐದು ಲಕ್ಷದ ಚಿಟ್ಟಿ ಒಂದನ್ನು ಲೆಕ್ಕಕ್ಕೆ ಹಿಡಿದೆವು: 50 ಜನ, 50 ತಿಂಗಳು, ತಿಂಗಳಿಗೆ 10,000.

ಪ್ರತಿ ತಿಂಗಳೂ ಐದು ಲಕ್ಷ ಒಟ್ಟಾಗುತ್ತದೆ. ಅದನ್ನು ಯಾರು ಎತ್ತುವುದು? ಯಾರು ಜಾಸ್ತಿ ಬಿಟ್ಟುಕೊಡುತ್ತಾರೋ ಅವರು. ಹೀಗೆ ಬಿಟ್ಟುಕೊಡುವುದಕ್ಕೆ ಕಡಿತ ಅನ್ನೋಣ. ನೋಂದಾಯಿತ ಚಿಟ್ಟಿಯಲ್ಲಿ ಕಡಿತಕ್ಕೆ ಒಪ್ಪಂದದಲ್ಲೇ ಒಂದು ಮಿತಿ ಇರುತ್ತದೆ. ನಮ್ಮ ಲೆಕ್ಕದಲ್ಲಿ ಅದು 30 ಶೇಕಡಾ, ಅಂದರೆ ಒಂದೂವರೆ ಲಕ್ಷ. ಎತ್ತಿದವರ ಕೈಗೆ ಮೂರೂವರೆ ಲಕ್ಷ. ಬಿಟ್ಟ ಒಂದೂವರೆ ಲಕ್ಷದಲ್ಲಿ ಚಿಟ್ಟಿ ನಡೆಸುವವರ ಕಮಿಷನ್ 5 ಶೇಕಡಾ, 25,000 ಹೋಗುತ್ತದೆ. ಉಳಿದ 1,25,000 ಐವತ್ತು ಜನರಿಗೆ ಸಮನಾಗಿ ಹಂಚಿದರೆ ತಲೆಗೆ 2,500. ಇದೇ ಡಿವಿಡೆಂಡ್. ಇದನ್ನು ಕಂತಿನಲ್ಲಿ ಕಳೆದು ಕಟ್ಟುವುದು, ಹಾಗಾಗಿ 10,000ದ ಜಾಗದಲ್ಲಿ 7,500.

ಈಗ ನಾಲ್ಕನೇ ತಿಂಗಳಲ್ಲಿ ಚಿಕ್ಕಮ್ಮನಿಗೆ ಸಿಕ್ಕಿತು ಅಂತ ಇಟ್ಟುಕೊಳ್ಳಿ. ಕೈಗೆ 3,50,000. ಅವರು ಕಟ್ಟುವುದು ಎಷ್ಟು? ಮೊದಲ ತಿಂಗಳು ಪೂರ್ತಿ 10,000. 20ನೇ ತಿಂಗಳವರೆಗೆ ಗಿರಾಕಿ ಜಾಸ್ತಿ, ಎಲ್ಲರೂ ಮಿತಿಯವರೆಗೆ ಬಿಡುತ್ತಾರೆ, ಕಂತು 7,500. ಆಮೇಲೆ ಅವಸರದವರು ಕಮ್ಮಿಯಾಗಿ ಕಡಿತ ಇಳಿಯುತ್ತದೆ, ಡಿವಿಡೆಂಡೂ ಇಳಿಯುತ್ತದೆ, ಕಂತು ಏರುತ್ತದೆ. 21ರಿಂದ 35ರವರೆಗೆ ಸರಾಸರಿ 8,700, ಕೊನೆಯ 15 ತಿಂಗಳು 9,700 ಅಂತ ನಾನು ಅಂದಾಜು ಹಾಕಿದೆ. ಒಟ್ಟು 4,28,500.

ಮೂರೂವರೆ ಲಕ್ಷ ತೆಗೆದು ನಾಲ್ಕು ಲಕ್ಷ ಇಪ್ಪತ್ತೆಂಟು ಸಾವಿರದ ಐನೂರು ಕಟ್ಟಿದ ಹಾಗಾಯಿತು. ನಡುವಿನ 78,500 ಏನು? ಅದೇ ಬಡ್ಡಿ. ಹೆಸರು ಬೇರೆ, ಅಷ್ಟೇ.

ವರ್ಷಕ್ಕೆ ಎಷ್ಟು ಬಡ್ಡಿ ಅಂತ ತಿಳಿಯಲು ಮೊಬೈಲಿನ ಗೂಗಲ್ ಶೀಟ್ಸ್ ಸಾಕು. ಒಂದು ಕಾಲಮ್ಮಿನಲ್ಲಿ 50 ಸಾಲು. ಕಟ್ಟುವ ದುಡ್ಡಿಗೆ ಮೈನಸ್ ಹಾಕಿ. ದುಡ್ಡು ಬರುವ ತಿಂಗಳ ಸಾಲಿನಲ್ಲಿ ಬಂದದ್ದರಲ್ಲಿ ಆ ತಿಂಗಳ ಕಂತು ಕಳೆದು ಬರೆಯಿರಿ, ಇಲ್ಲಿ 342500. ಆಮೇಲೆ ಖಾಲಿ ಜಾಗದಲ್ಲಿ:

```
=IRR(A1:A50,0.01)*12
```

ಚಿಕ್ಕಮ್ಮನ ಲೆಕ್ಕಕ್ಕೆ ಬಂದದ್ದು ಸುಮಾರು 11 ಶೇಕಡಾ. ಕಮಿಷನ್ ಮೇಲಿನ ಜಿಎಸ್‌ಟಿ, ದಾಖಲೆಯ ಖರ್ಚು ಸೇರಿಸಿದರೆ 12ರ ಹತ್ತಿರ. ಅಂದರೆ ಬೇಗ ಎತ್ತಿದ ಚಿಟ್ಟಿ ಒಂದು ಸಾಧಾರಣ ಬ್ಯಾಂಕ್ ಸಾಲದಷ್ಟೇ ತುಟ್ಟಿ. ಮೋಸ ಇಲ್ಲ, ಹಾಗಂತ ಪುಕ್ಕಟೆಯೂ ಅಲ್ಲ. ಇದೇ ಚಿಟ್ಟಿಯನ್ನು ಕೊನೆಯ ತಿಂಗಳುಗಳಲ್ಲಿ ಎತ್ತುವವರಿಗೆ ಅದು ಸಾಲವೇ ಅಲ್ಲ, ಉಳಿತಾಯ. ಮೊದಲು ಎತ್ತಿದವರು ಬಿಟ್ಟ ದುಡ್ಡು ಇವರ ಗಳಿಕೆ.

ಆದರೆ ನಾಲ್ಕನೇ ತಿಂಗಳೇ ಸಿಗುತ್ತದೆ ಅಂತ ಯಾರು ಹೇಳಿದರು? ಮಿತಿಯವರೆಗೆ ಬಿಡಲು 40 ಜನ ತಯಾರಿದ್ದರೆ ಆಗ ಹರಾಜೇ ಇಲ್ಲ. ಹೆಸರು ಬರೆದ ಚೀಟಿ ಎತ್ತುತ್ತಾರೆ, ಮಲಯಾಳದಲ್ಲಿ ನರುಕ್ಕು. ನಲವತ್ತರಲ್ಲಿ ಒಂದು. ಆರು ತಿಂಗಳು ಕಾದರೂ ನಿಮ್ಮ ಹೆಸರು ಬಂದಿರುವ ಸಾಧ್ಯತೆ ನೂರರಲ್ಲಿ 15. ಚಿಕ್ಕಮ್ಮ ಇದನ್ನು ಕೇಳಿ ಸುಮ್ಮನಾದರು. "ಹಾಗಾದ್ರೆ ಲಾಟರಿ ಆಯ್ತಲ್ಲ" ಅಂದರು. ಅವಸರದವರ ಪಾಲಿಗೆ ಹೌದು, ಹಾಗೆಯೇ.

ಮೂರನೇ ಹೆಜ್ಜೆ: ಊರ ಹರಾಜು ಚೀಟಿಗೆ ಹೋಗುವವರು ಇದನ್ನು ಓದದೆ ಹೋಗಬೇಡಿ

ಅಂಗಡಿಯ ಹಿಂದಿನ ಕೋಣೆಯಲ್ಲಿ ನಡೆಯುವ ಚೀಟಿಗಳ ಮಾತು ಬೇರೆ. ನನ್ನದೇ ಕಥೆ ಹೇಳುತ್ತೇನೆ, ಬ್ಯಾಂಕಿನಲ್ಲಿ ಕೂತವನಿಗೂ ಬುದ್ಧಿ ಇರಲಿಲ್ಲ ಅಂತ ನಗಬಹುದು.

ಒಂದು ಬೇಸಿಗೆಯಲ್ಲಿ ತೋಟದ ಪಂಪ್‌ಸೆಟ್ ಸುಟ್ಟುಹೋಯಿತು. ಅಡಿಕೆ ಮರಕ್ಕೆ ನೀರು ಒಂದು ವಾರ ನಿಲ್ಲಿಸಿದರೂ ಕಷ್ಟ. ನಾನು ಆಗ ಒಂದು ಲಕ್ಷದ ಊರ ಚೀಟಿಯಲ್ಲಿದ್ದೆ: 20 ಜನ, 20 ತಿಂಗಳು, ತಿಂಗಳಿಗೆ 5,000. ಎರಡನೇ ತಿಂಗಳ ಹರಾಜು. ಪ್ಲಾಸ್ಟಿಕ್ ಕುರ್ಚಿ, ಒಂದು ಕಾಲಿನ ಮೇಜು ಅಲುಗಾಡುತ್ತಿತ್ತು, ಚೀಟಿ ನಡೆಸುವವರ ಎದುರು ನೂರು ಪುಟದ ನೋಟ್‌ಬುಕ್. ಕೂಗು ಹದಿನೈದು ಸಾವಿರದಿಂದ ಶುರುವಾಯಿತು. ಇಪ್ಪತ್ತೈದಕ್ಕೆ ಎಲ್ಲರೂ ನಿಂತರು, ಒಬ್ಬ ಮಾತ್ರ ನಿಲ್ಲಲಿಲ್ಲ. ನಾನು ಇಪ್ಪತ್ತೆಂಟು ಅಂದರೆ ಅವನು ಮೂವತ್ತು, ನಾನು ಮೂವತ್ತೆರಡು ಅಂದರೆ ಅವನು ಮೂವತ್ತೈದು, ಪಂಪಿನ ಚಿಂತೆ ತಲೆಯಲ್ಲಿ ತಿರುಗುತ್ತಿದ್ದುದರಿಂದ ನಾನು ನಲವತ್ತು ಅಂದುಬಿಟ್ಟೆ. ಅವನು ತಟ್ಟನೆ ಸುಮ್ಮನಾದ, ಚಾ ಕುಡಿಯಲು ಹೋದ. ಆಮೇಲೆ ಗೊತ್ತಾಯಿತು, ಅವನು ನಡೆಸುವವರದ್ದೇ ಜನ. ಕೂಗನ್ನು ಮೇಲೆ ಹತ್ತಿಸುವುದು ಅವನ ಕೆಲಸ. ಕೂಗು ಹತ್ತಿದಷ್ಟು ಉಳಿದವರಿಗೆ ಡಿವಿಡೆಂಡ್ ಜಾಸ್ತಿ. ನಡೆಸುವವರು ಬೇನಾಮಿ ಹೆಸರಲ್ಲಿ ಮೂರು ಟಿಕೆಟ್, ಅಂದರೆ ಮೂರು ಜನರ ಜಾಗ, ಇಟ್ಟುಕೊಂಡಿದ್ದರು, ಅವಕ್ಕೂ ಜಾಸ್ತಿ.

ನನಗೆ ಸಿಕ್ಕಿದ್ದು 60,000. ಅಷ್ಟರಲ್ಲಿ ಎರಡು ಕಂತು, 5,000 ಮತ್ತು 3,250, ಕಟ್ಟಿಯಾಗಿತ್ತು. ಹಾಗಾಗಿ ನಿಜವಾಗಿ ನನ್ನ ಕೈಗೆ ಬಂದ ಪರರ ದುಡ್ಡು 51,750 ಮಾತ್ರ. ಉಳಿದ 18 ತಿಂಗಳು ಸರಾಸರಿ 4,000ದಂತೆ ಕಟ್ಟಬೇಕು ಅಂತ ಹಿಡಿದರೆ 72,000. ನಲವತ್ತು ಶೇಕಡಾ ಬಿಟ್ಟೆ ಅಂತ ಮಾತ್ರ ತಲೆಯಲ್ಲಿತ್ತು. ಬಡ್ಡಿ ಎಷ್ಟು ಅಂತ ಆ ರಾತ್ರಿ ನೋಡಿದೆ:

```
=RATE(18,-4000,51750)*12
```

ವರ್ಷಕ್ಕೆ ಸುಮಾರು 45 ಶೇಕಡಾ. ಮೀಟರ್ ಬಡ್ಡಿಯವರ ಹತ್ತಿರ ಹೋಗುವುದಿಲ್ಲ ಅಂತ ಹೆಮ್ಮೆ ಪಡುವ ಮನೆ ನಮ್ಮದು!

ನನ್ನ ಎಡವಟ್ಟಿಗೆ ಕಾರಣ ಒಂದೇ, ಮಿತಿಯನ್ನು ಹರಾಜಿನ ಕೋಣೆಯಲ್ಲಿ ಕೂತು ನಿರ್ಧರಿಸಲು ಹೋದದ್ದು. ಅದನ್ನು ಮನೆಯಲ್ಲೇ ಬರೆದುಕೊಂಡು ಹೋಗಬೇಕು. ವಿಧಾನ ಸುಲಭ. ಬ್ಯಾಂಕಿನಲ್ಲಿ ನಿಮಗೆ 12 ಶೇಕಡಾಕ್ಕೆ ಸಾಲ ಸಿಗುತ್ತದೆ ಅಂತಾದರೆ, ಅಂದರೆ ತಿಂಗಳಿಗೆ 1 ಶೇಕಡಾ, ಮುಂದೆ ಕಟ್ಟಬೇಕಾದ ಕಂತುಗಳ ಇವತ್ತಿನ ಬೆಲೆ ನೋಡಿ:

```
=PV(1%,18,-4000)
```

ಉತ್ತರ 65,593. ಅದಕ್ಕೆ ಆವರೆಗೆ ಕಟ್ಟಿದ್ದು ಸುಮಾರು 9,000 ಸೇರಿಸಿ. 74,500ಕ್ಕಿಂತ ಕಮ್ಮಿ ಕೈಗೆ ಬರುವುದಾದರೆ ಬ್ಯಾಂಕ್ ಸಾಲವೇ ಲೇಸು. ಅಂದರೆ ಆ ದಿನ ನಾನು ಇಪ್ಪತ್ತೈದು ಸಾವಿರದ ಸ್ವಲ್ಪ ಆಚೆಗೆ ನಿಲ್ಲಬೇಕಿತ್ತು, ಉಳಿದವರೆಲ್ಲ ನಿಂತ ಜಾಗದಲ್ಲೇ. ಅವರಿಗೆ ಸೂತ್ರ ಗೊತ್ತಿರಲಿಲ್ಲ, ಅವಸರ ಇರಲಿಲ್ಲ ಅಷ್ಟೇ. ಈ ಅಂಕೆಯನ್ನು ಅಂಗೈಯಲ್ಲಿ ಬರೆದುಕೊಂಡು ಹೋಗಿ, ನಾಚಿಕೆ ಬೇಡ. ತಿಂಗಳು ಮುಂದೆ ಹೋದ ಹಾಗೆ 18ರ ಜಾಗದಲ್ಲಿ ಉಳಿದ ಕಂತಿನ ಸಂಖ್ಯೆ ಹಾಕಿ ಹೊಸದಾಗಿ ಲೆಕ್ಕ ಮಾಡಬೇಕು. ಕಂತು ಕಮ್ಮಿ ಉಳಿದಷ್ಟು ಅದೇ ಕಡಿತಕ್ಕೆ ಬಡ್ಡಿ ಭಯಂಕರವಾಗಿ ಏರುತ್ತದೆ.

ನಾಲ್ಕನೇ ಹೆಜ್ಜೆ: ಚಿಟ್ಟಿ ಎತ್ತಿದ ಮೇಲೂ ದುಡ್ಡು ಕೈಗೆ ಬರಲು ಏನು ಬೇಕು ಅಂತ ಮೊದಲೇ ಕೇಳಿ

ಇದನ್ನು ಯಾರೂ ಸೇರುವಾಗ ಹೇಳುವುದಿಲ್ಲ. ಚಿಟ್ಟಿ ನಿಮ್ಮದಾಯಿತು ಅಂದ ಕೂಡಲೇ ಚೆಕ್ ಬರುವುದಿಲ್ಲ. ಮುಂದಿನ ಕಂತುಗಳಿಗೆಲ್ಲ ಜಾಮೀನು ಕೊಡಬೇಕು, ಕಾನೂನಿನಲ್ಲೇ ಹಾಗಿದೆ, ಮತ್ತು ಇರಬೇಕಾದದ್ದೇ. ನಾಲ್ಕನೇ ತಿಂಗಳಲ್ಲಿ ಎತ್ತಿದರೆ 46 ಕಂತು ಬಾಕಿ, ನಾಲ್ಕು ಲಕ್ಷ ಅರುವತ್ತು ಸಾವಿರಕ್ಕೆ ಜಾಮೀನು.

ಸರ್ಕಾರಿ ನೌಕರರ ಸಂಬಳದ ಸರ್ಟಿಫಿಕೇಟ್, ಚಿನ್ನ, ಠೇವಣಿ, ಎಲ್ಐಸಿ ಪಾಲಿಸಿ, ಜಾಗ, ಇವು ಸಾಮಾನ್ಯವಾಗಿ ನಡೆಯುತ್ತವೆ. ಜಾಗ ಕೊಡುವುದಾದರೆ ಜಾಗದ ಆಧಾರ ಪತ್ರ, ಅದರ ಹಿಂದಿನ ಮುನ್ನಾಧಾರ, ಇಸಿ, ತೆರಿಗೆ ರಶೀದಿ, ವಿಲ್ಲೇಜ್ ಆಫೀಸಿನಿಂದ ಪೊಸೆಷನ್ ಸರ್ಟಿಫಿಕೇಟ್ ಮತ್ತು ಲೊಕೇಶನ್ ಸ್ಕೆಚ್, ಆಮೇಲೆ ವಕೀಲರ ಅಭಿಪ್ರಾಯ, ಜಾಗಕ್ಕೆ ಬೆಲೆ ಕಟ್ಟುವುದು. ವಾರಗಳು ಹೋಗುತ್ತವೆ. ಹಳೆಯ ಪಾಲುಪಟ್ಟಿಯಲ್ಲಿ ಅಣ್ಣತಮ್ಮಂದಿರ ಹೆಸರು ಹಾಗೇ ಉಳಿದಿದ್ದರೆ ತಿಂಗಳುಗಳೇ ಹೋಗಬಹುದು. ಚಿಕ್ಕಮ್ಮನ ಜಾಗದ್ದೂ ಅದೇ ಕಥೆ, ಚಿಕ್ಕಪ್ಪನ ಅಣ್ಣನ ಸಹಿ ಬೇಕಿತ್ತು, ಅವರು ಮುಂಬೈಯಲ್ಲಿ.

ಇನ್ನು ಸಂಬಳದ ಜಾಮೀನು. ಶಾಲೆ ಮೇಸ್ಟ್ರು ಭಾವನನ್ನು ಕೇಳಬಹುದು, ಅವರು ದಾಕ್ಷಿಣ್ಯಕ್ಕೆ ಒಪ್ಪಬಹುದು. ನಾಲ್ಕು ವರ್ಷ ಅವರ ಸಂಬಳ ನಿಮ್ಮ ಕಂತಿಗೆ ಕಟ್ಟಿಹಾಕಿದ ಹಾಗೆ. ಕಂತು ತಪ್ಪಿದರೆ ಡಿವಿಡೆಂಡ್ ಹೋಗುವುದಷ್ಟೇ ಅಲ್ಲ, ಚಿಟ್ಟಿ ಎತ್ತಿದವರು ತಪ್ಪಿದರೆ ಮುಂದಿನ ಕಂತೆಲ್ಲ ಒಟ್ಟಿಗೆ ಕಟ್ಟಿ ಅಂತ ನೋಟಿಸ್ ಕೊಡಲು ಕಾನೂನಿನಲ್ಲಿ ಅವಕಾಶ ಉಂಟು. ಸರ್ಕಾರಿ ಚಿಟ್ಟಿಯ ಬಾಕಿ ರೆವಿನ್ಯೂ ರಿಕವರಿಗೆ ಹೋಗುತ್ತದೆ, ಆಗ ವಿಲ್ಲೇಜ್ ಆಫೀಸಿನವರು ಮನೆ ಬಾಗಿಲಿಗೆ ಬರುತ್ತಾರೆ.

ಐದನೇ ಹೆಜ್ಜೆ: ಬ್ಯಾಂಕಿಗೆ ಹೋಗಿ, ಒಂದೇ ಕಾಗದ ಕೇಳಿ

ನಾವು ಮೂರು ಕಡೆ ವಿಚಾರಿಸಿದೆವು. ಚಿಕ್ಕಮ್ಮನ ಹತ್ತಿರ ಚಿನ್ನ ಇತ್ತು, ಮದುವೆಗೆ ಹಾಕಿದ್ದು, ವರ್ಷಕ್ಕೆ ಎರಡು ಸಲ ಪೆಟ್ಟಿಗೆಯಿಂದ ಹೊರಗೆ ಬರುತ್ತದೆ. ಚಿನ್ನದ ಸಾಲಕ್ಕೆ ಬ್ಯಾಂಕ್ ಅಂದು ಹೇಳಿದ ದರ ಹತ್ತರ ಒಳಗೆ. ಅರ್ಧ ದಿನದಲ್ಲಿ ದುಡ್ಡು, ಜಾಗದ ಆಧಾರ ಬೇಡ, ಭಾವ ಬೇಡ. ಜಾಮೀನಿನ ಮೇಲಿನ ಸಾಧಾರಣ ಸಾಲಕ್ಕೆ 12. ಒಂದು ಖಾಸಗಿ ಫೈನಾನ್ಸಿನವರು ಫೋನಿನಲ್ಲೇ ಮಂಜೂರು ಅಂದರು, ದರ ಕೇಳಿದರೆ ತಿಂಗಳಿಗೆ ಇಷ್ಟು ಅಂತ ಮಾತು ತಿರುಗಿಸಿದರು. ಅವರನ್ನು ಬಿಟ್ಟೆವು.

ಬ್ಯಾಂಕಿನಲ್ಲಿ ಕೇಳಬೇಕಾದ ಕಾಗದದ ಹೆಸರು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್. ರಿಸರ್ವ್ ಬ್ಯಾಂಕಿನ ನಿಯಮದಂತೆ 2024ರ ಅಕ್ಟೋಬರಿನಿಂದ ಮನೆಯವರು ತೆಗೆಯುವ ಸಾಲಗಳಿಗೆಲ್ಲ ಇದನ್ನು ಕೊಡಬೇಕು. ಬಡ್ಡಿ, ಪ್ರೊಸೆಸಿಂಗ್ ಫೀಸ್, ಅವರೇ ಸೇರಿಸುವ ವಿಮೆ ಎಲ್ಲ ಒಟ್ಟು ಮಾಡಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತದೆ ಅಂತ ಎಪಿಆರ್ ಎಂಬ ಒಂದೇ ಅಂಕೆಯಲ್ಲಿ ಅದರಲ್ಲಿರುತ್ತದೆ. ಚಿಟ್ಟಿಯ ಲೆಕ್ಕದಲ್ಲಿ ನಾವು ತೆಗೆದ 11, 12 ಅನ್ನುವ ಅಂಕೆಯನ್ನು ಹೋಲಿಸಬೇಕಾದ್ದು ಇದರ ಜೊತೆ, ಬೋರ್ಡಿನಲ್ಲಿ ಬರೆದ ಬಡ್ಡಿಯ ಜೊತೆ ಅಲ್ಲ. ಇನ್ನೊಂದು ವಿಷಯ ನಮ್ಮ ಕಡೆಯವರಿಗೆ ಮುಖ್ಯ: ಈ ಕಾಗದ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಅಂತ ನಿಯಮ ಹೇಳುತ್ತದೆ. ಮಲಯಾಳ ಓದಲು ಬಾರದ ನಮ್ಮ ಹಿರಿಯರು ಎಷ್ಟೋ ಕಾಗದಕ್ಕೆ ಸುಮ್ನೆ ಸಹಿ ಹಾಕಿ ಬರುತ್ತಾರೆ. ಕನ್ನಡದಲ್ಲಿ ಕೊಡಿ ಅಂತ ಕೇಳಿ. ಕೊಡದಿದ್ದರೆ ಗಟ್ಟಿಯಾಗಿ ಕೇಳಿ.

ಮೂರೂವರೆ ಲಕ್ಷ 12 ಶೇಕಡಾಕ್ಕೆ ನಾಲ್ಕು ವರ್ಷಕ್ಕೆ ತೆಗೆದರೆ ತಿಂಗಳಿಗೆ ಸುಮಾರು 9,200, ಒಟ್ಟು 4,42,000ದಷ್ಟು. ಚಿಟ್ಟಿಯ 4,28,500ಕ್ಕಿಂತ ಜಾಸ್ತಿ ಕಾಣುತ್ತದೆ ಅಲ್ವಾ? ಆದರೆ ಚಿಟ್ಟಿಯಲ್ಲಿ ದುಡ್ಡು ಬರುವ ಮೊದಲೇ ಕಂತು ಶುರುವಾಗಿರುತ್ತದೆ. ಒಟ್ಟು ಮೊತ್ತ ನೋಡಿ ಹೋಲಿಸುವವರು ಇಲ್ಲೇ ತಪ್ಪುತ್ತಾರೆ.

ಚಿನ್ನದ ಸಾಲದಲ್ಲಿ ಒಂದು ಜಾಗ್ರತೆ ಬೇಕು. ಅದು ಸಾಮಾನ್ಯವಾಗಿ ಒಂದು ವರ್ಷದ್ದು. ಬಡ್ಡಿಯನ್ನೂ ಕಟ್ಟದೆ ಬಿಟ್ಟು, ಅವಧಿ ಮುಗಿದಾಗ ಹೊಸದಾಗಿ ಇಡುವುದನ್ನು ರೂಢಿ ಮಾಡಿಕೊಂಡರೆ ಸಾಲ ಕರಗುವುದಿಲ್ಲ, ಚಿನ್ನ ಕರಗುತ್ತದೆ. ಪ್ರತಿ ತಿಂಗಳು ಕೈಲಾದಷ್ಟು ಅಸಲಿಗೆ ಕಟ್ಟಲು ಬಿಡುತ್ತೀರಾ ಅಂತ ಮೊದಲೇ ಕೇಳಿ.

ಕೊನೆಗೆ ಚಿಕ್ಕಮ್ಮ ಎರಡು ಲಕ್ಷ ಚಿನ್ನದ ಮೇಲೆ, ಒಂದೂವರೆ ಲಕ್ಷ ಜಾಮೀನಿನ ಮೇಲೆ ತೆಗೆದರು. ಅಡಿಕೆ ಮಾರಿದಾಗ ಮೊದಲು ಚಿನ್ನ ಬಿಡಿಸುವುದು ಅಂತ ಲೆಕ್ಕ. ಮಾಡು ಮೇ ಮೊದಲ ವಾರ ಆಯಿತು.

ಆರನೇ ಹೆಜ್ಜೆ: ಅವಸರ ಇಲ್ಲದವರು ಚಿಟ್ಟಿಗೆ ಸೇರುವಾಗ ನೋಡಬೇಕಾದ್ದು

ಕೇರಳದಲ್ಲಿ 1982ರ ಚಿಟ್ ಫಂಡ್ಸ್ ಕಾಯ್ದೆ ಜಾರಿಗೆ ಬಂದದ್ದು 2012ರಲ್ಲಿ. ಇದರ ಪ್ರಕಾರ ಒಂದು ಕಂಪನಿಗೆ ನೋಂದಣಿ ಇದ್ದರೆ ಸಾಲದು, ನೀವು ಸೇರುವ ಆ ಒಂದು ಚಿಟ್ಟಿಗೇ ಅನುಮತಿ, ನೋಂದಣಿ, ಶುರು ಮಾಡುವ ಸರ್ಟಿಫಿಕೇಟ್ ಇರಬೇಕು. ಗೋಡೆಯಲ್ಲಿ ಚೌಕಟ್ಟು ಹಾಕಿದ ಕಂಪನಿಯ ಸರ್ಟಿಫಿಕೇಟ್ ತೋರಿಸಿದರೆ ತಲೆಯಾಡಿಸಬೇಡಿ. ನನ್ನ ಚಿಟ್ಟಿಯ ನಂಬರ್ ಯಾವುದು ಅಂತ ಕೇಳಿ, ಬರೆದುಕೊಂಡು ನೋಂದಣಿ ಇಲಾಖೆಯ ಚಿಟ್ ರಿಜಿಸ್ಟ್ರಾರ್ ಕಚೇರಿಯಲ್ಲಿ ವಿಚಾರಿಸಿ. ಒಪ್ಪಂದದ ಪ್ರತಿ ಕೇಳಿ. ಕಮಿಷನ್ 7 ಶೇಕಡಾ ದಾಟುವಂತಿಲ್ಲ, 2019ರ ತಿದ್ದುಪಡಿಗೆ ಮೊದಲು 5 ಇತ್ತು.

ನೋಂದಣಿ ಇದ್ದರೆ ದುಡ್ಡು ಪೂರ್ತಿ ಭದ್ರ ಅಂತಲೂ ಅಲ್ಲ. ನಡೆಸುವವರು ಸರ್ಕಾರಕ್ಕೆ ಕೊಡುವ ಜಾಮೀನು ಮುಖ್ಯವಾಗಿ ಒಂದು ತಿಂಗಳ ಚಿಟ್ ಮೊತ್ತದ ಲೆಕ್ಕದ್ದು. ಐದು ಲಕ್ಷದ ಚಿಟ್ಟಿ ನಡುವಿನಲ್ಲಿ ಮುಳುಗಿದರೆ, ಇನ್ನೂ ಎತ್ತದ ಇಪ್ಪತ್ತೈದು ಜನರ ದುಡ್ಡು ಅದರಲ್ಲಿ ಹೇಗೆ ಸಾಕಾಗುತ್ತದೆ? ಬ್ಯಾಂಕ್ ಠೇವಣಿಗೆ ಐದು ಲಕ್ಷದವರೆಗೆ ವಿಮೆ ಉಂಟು, ಚಿಟ್ಟಿಗೆ ಇಲ್ಲ. ಹಾಗಾಗಿ ಯಾರು ನಡೆಸುತ್ತಿದ್ದಾರೆ ಅನ್ನುವುದೇ ದೊಡ್ಡ ಪ್ರಶ್ನೆ.

ಮುಳುಗುವ ಚೀಟಿ ಮೊದಲೇ ಸೂಚನೆ ಕೊಡುತ್ತದೆ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಮೊದಲು ಕಾಣುವುದು ಎತ್ತಿದವರಿಗೆ ದುಡ್ಡು ಕೊಡಲು ತಡವಾಗುವುದು. ಬರುವ ವಾರ, ಹಬ್ಬ ಕಳೆಯಲಿ, ಅರ್ಧ ಈಗ ಅರ್ಧ ಆಮೇಲೆ. ಎಲ್ಲರ ಕಂತು ಬಂದಿದ್ದರೆ ದುಡ್ಡು ಪೆಟ್ಟಿಗೆಯಲ್ಲೇ ಇರಬೇಕಲ್ಲ, ತಡ ಯಾಕೆ? ಒಂದೋ ಟಿಕೆಟ್ ಪೂರ್ತಿ ಭರ್ತಿಯಾಗಿಲ್ಲ, ಇಲ್ಲವೇ ಈ ಚೀಟಿಯ ದುಡ್ಡು ಇನ್ನೊಂದು ಚೀಟಿಯ ತೂತು ಮುಚ್ಚಲು ಹೋಗಿದೆ. ಎರಡನೇ ಸೂಚನೆ, ಹರಾಜಿನ ದಿನ ಹೋದರೆ "ಆಗ್ಲೇ ಆಯ್ತು" ಅನ್ನುವುದು. ಕಾನೂನಿನಂತೆ ಕಮ್ಮಿಯೆಂದರೂ ಇಬ್ಬರು ಸದಸ್ಯರು ಇರಬೇಕು, ನಡೆದದ್ದನ್ನು ಮಿನಿಟ್ಸಿನಲ್ಲಿ ಬರೆದು ಸಹಿ ಹಾಕಬೇಕು. ಆ ಪುಸ್ತಕ ನೋಡಲು ಕೇಳಿ. ಹಿಂದಿನ ಮೂರು ತಿಂಗಳು ಎತ್ತಿದವರು ಯಾರು ಅಂತ ಕೇಳಿ, ಅವರಲ್ಲಿ ಒಬ್ಬರಿಗೆ ಫೋನ್ ಮಾಡಿ. ಹೆಸರು ಹೇಳಲು ಹಿಂದೆ ಮುಂದೆ ನೋಡಿದರೆ ಆ ಹೆಸರಿನವರು ಇಲ್ಲ ಅಂತಲೇ ಲೆಕ್ಕ.

ಲಕ್ಕಿ ಸ್ಕೀಮ್ ಅಂತ ಬರುವುದು ಇದಲ್ಲ. ಹೆಸರು ಬಂದವರು ಮುಂದೆ ಕಂತು ಕಟ್ಟಬೇಕಿಲ್ಲ ಅನ್ನುವ ಅಂಥ ಸ್ಕೀಮುಗಳು 1978ರ ಕಾಯ್ದೆಯಲ್ಲೇ ನಿಷೇಧ. ಬೈಕ್ ಸಿಗುತ್ತದೆ, ಫ್ರಿಜ್ ಸಿಗುತ್ತದೆ ಅಂದರೂ ಆ ಕಡೆ ತಲೆ ಹಾಕಬೇಡಿ.

ಕೈಕೊಟ್ಟರೆ

ನೋಂದಾಯಿತ ಚಿಟ್ಟಿಯ ಜಗಳ ಸಿವಿಲ್ ಕೋರ್ಟಿಗೆ ಹೋಗುವುದಲ್ಲ, ಚಿಟ್ ರಿಜಿಸ್ಟ್ರಾರ್ ಹತ್ತಿರ. ಮೂರು ವರ್ಷದ ಒಳಗೆ ಹೋಗಬೇಕು. ಪಾಸ್‌ಬುಕ್, ರಶೀದಿ, ಒಪ್ಪಂದದ ಪ್ರತಿ ಬೇಕು. ಕಾಸರಗೋಡಿನ ಕನ್ನಡಿಗರು ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಕೇರಳದ ಭಾಷಾ ಕಾನೂನಿನಲ್ಲಿ ಅದಕ್ಕೆ ಅವಕಾಶ ಉಂಟು. ಹಾಗಾಗಿ ಅರ್ಜಿ ಬರೆಸಲು ಯಾರಿಗೋ ದುಡ್ಡು ಕೊಡಬೇಡಿ.

ನೋಂದಣಿ ಇಲ್ಲದ ಊರ ಚೀಟಿಯಾದರೆ ಪೊಲೀಸ್ ದೂರು ಬಿಟ್ಟು ದಾರಿ ಕಮ್ಮಿ, ಅಲ್ಲಿಯೂ ಕಾಗದ ಕೇಳುತ್ತಾರೆ. ಕಂತನ್ನು ನಗದಾಗಿ ಕೊಡಬೇಡಿ ಅನ್ನುವುದು ಇದಕ್ಕೇ. ಗೂಗಲ್ ಪೇ ಮಾಡುವಾಗ ಕೆಳಗೆ "ಚೀಟಿ, ಏಳನೇ ಕಂತು" ಅಂತ ಬರೆದರೂ ಅದೊಂದು ದಾಖಲೆ.

ನಾನು ನಲವತ್ತು ಸಾವಿರಕ್ಕೆ ಕೂಗಿದ ಆ ಚೀಟಿ 14 ತಿಂಗಳಿಗೆ ನಿಂತಿತು. ನಡೆಸುವವರು ಅಂಗಡಿಗೆ ಬೀಗ ಹಾಕಿ ಘಟ್ಟ ಹತ್ತಿದ್ದರು. ಎತ್ತಿದವರು 14, ಎತ್ತದವರು 6. ಎತ್ತಿದವರಿಗೆ ಒಳಗೊಳಗೆ ಖುಷಿ, ಇನ್ನು ಕಂತು ಕಟ್ಟಬೇಕಿಲ್ಲ ಅಂತ. ಮುಳುಗಿದ್ದು ತಾಳ್ಮೆಯಿಂದ ಕೊನೆಯವರೆಗೆ ಕಾದ ಆ ಆರು ಜನ. ಅದರಲ್ಲಿ ಇಬ್ಬರು ಬೀಡಿ ಕಟ್ಟುವ ಹೆಂಗಸರು. ಹದಿನಾಲ್ಕರಲ್ಲಿ ಮೂರು ಹೆಸರು ಬೇನಾಮಿ, ಮನೆಯೇ ಇಲ್ಲ. ಉಳಿದ ಹನ್ನೊಂದು ಮನೆಗೂ ನಾವು ಕೆಲವರು ಹೋದೆವು, ಬಾಕಿ ಆರು ಕಂತನ್ನು ನೇರ ಅವರಿಗೆ ಕೊಡೋಣ ಅಂತ. ಕೊಟ್ಟವರು ನನ್ನನ್ನೂ ಸೇರಿಸಿ ನಾಲ್ಕು ಜನ. ಅದನ್ನು ಆ ಆರು ಜನರಿಗೆ ಹಂಚಿದಾಗ ತಲೆಗೆ ಎಷ್ಟು ಬಂತು ಅಂತ ಬರೆದ ನೋಟ್‌ಬುಕ್ ಈಗಲೂ ನನ್ನ ಹತ್ತಿರ ಇದೆ, ಒಬ್ಬೊಬ್ಬರಿಗೆ ಹದಿನಾರು ಸಾವಿರದಷ್ಟು. ಅವರು ಪ್ರತಿಯೊಬ್ಬರೂ ಅಷ್ಟರಲ್ಲಿ ಕಟ್ಟಿದ್ದು ಐವತ್ತು ಸಾವಿರಕ್ಕೂ ಜಾಸ್ತಿ.